ಬಟ್ಟಲಿನ ಕೊನೆಯ ಚಮಚಗಳು

ಅಕ್ಕನಿಗೆ ಪಾರ್ಶ್ವವಾಯು ಬಡಿದ ದಿನವನ್ನು ನಾನು ಮೂರು ಕಡೆಯಿಂದ ತಾಳೆ ನೋಡಿದ್ದೇನೆ: ಆಸ್ಪತ್ರೆಯ ಚೀಟಿ, ನನ್ನ ದಿನಚರಿ, ಹಾಲಿನವನು ಕ್ಯಾಲೆಂಡರಿನ ಮೇಲೆ ಎಳೆದ ಗೀಟು. ಮೂರೂ ಒಂದೇ ಶನಿವಾರವನ್ನು ಹೇಳುತ್ತವೆ. ದುಡಿಯುವ ವಯಸ್ಸನ್ನೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆದವನಿಗೆ ನಿವೃತ್ತಿಯ ನಂತರವೂ ಈ ಅಭ್ಯಾಸ ಬಿಟ್ಟುಹೋಗಿಲ್ಲ. ಅದರಿಂದ ಅಕ್ಕನಿಗೆ ಏನು ಪ್ರಯೋಜನವಾಯಿತು ಎಂಬುದು ಬೇರೆ ಮಾತು.

ಅಕ್ಕ ವಾಡಿ ಜಂಕ್ಷನ್ನಿನ ಹೊರಗೆ ಬಹುಕಾಲ ಖಾನಾವಳಿ ನಡೆಸಿದವಳು. ಸೌಟನ್ನು ಎತ್ತಿ ಸಾರು ಬೀಳುವ ಪರಿಯನ್ನು ನೋಡಿಯೇ ಅದರ ಹದ ಹೇಳುತ್ತಿದ್ದಳು. ಸೇಡಂ ಕಡೆ ಶಾಸನ ನೋಡಲು ಹೊರಟಾಗಲೆಲ್ಲ ನಾನು ಅಲ್ಲಿಯೇ ಉಣ್ಣುತ್ತಿದ್ದೆ. ಒಮ್ಮೆ ನನ್ನ ತಟ್ಟೆಯ ಚಮಚವನ್ನೇ ಪಲ್ಯದ ಪಾತ್ರೆಗೆ ಹಾಕಿದೆನೆಂದು ಗಿರಾಕಿಗಳೆದುರೇ ಗದರಿಸಿದ್ದಳು.

“ಏ ತಮ್ಮ, ಎಂಜಲ ಚಮಚ ಭಾಂಡೆದಾಗ ಹಾಕ್ತೀಯಲ್ಲೋ! ಕಲ್ಲ ಓದಾಕ ಕಲ್ತಿ, ಉಣ್ಣಾಕ ಕಲೀಲಿಲ್ಲ ನೋಡು.”

“ಎಂಜಲು ಅನ್ನೋದೆಲ್ಲ ಹಳೇ ಮಡಿ ಅಕ್ಕಾ,” ಎಂದು ನಾನು ನಕ್ಕಿದ್ದೆ. ಆ ನಗೆಯನ್ನು ಇಲ್ಲಿ ದಾಖಲಿಸುವುದು ಅಗತ್ಯ.

ಆಸ್ಪತ್ರೆಯಿಂದ ಅವಳನ್ನು ಶಹಾಬಾದಿನ ನನ್ನ ಮನೆಗೆ ಕರೆತಂದೆ. ಬಲಗೈ ಸ್ವಾಧೀನ ತಪ್ಪಿತ್ತು, ಒಂದೆರಡು ಮಾತು ಮಾತ್ರ, ಅದೂ ಪ್ರಯಾಸದಿಂದ, ಬರುತ್ತಿತ್ತು. ನುಂಗುವಿಕೆಯನ್ನು ಪರೀಕ್ಷಿಸಿದ ಕಲಬುರಗಿ ಆಸ್ಪತ್ರೆಯ ತರುಣ ಥೆರಪಿಸ್ಟ್ ನನಗೆ ಸ್ಪಷ್ಟವಾಗಿ ಹೇಳಿದ್ದಳು: “ಸರ್, ನೀರಿನ್ಗತೆ ತೆಳ್ಳಗ ಇದ್ರ ಶ್ವಾಸದ ನಳಿಗೆ ಇಳೀತದ್ರಿ. ಚಮಚ ವಾಲಿಸಿದ್ರ ಜೇನಿನ್ಗತೆ ನಿಧಾನ ಬೀಳ್ಬೇಕು. ಕೆಮ್ಮು ಬಂತಂದ್ರ ಅಲ್ಲಿಗೇ ನಿಲ್ಲಿಸ್ರಿ.”

ಅಕ್ಕನ ಉಸಿರು ಒಂದು ಚಮಚದ ಹದಕ್ಕೆ ಜೋತುಬಿದ್ದಿತ್ತು. ನಾನು ಒಂದು ನೋಟುಪುಸ್ತಕ ತೆರೆದೆ. ಇನ್ನೂರೈವತ್ತು ಮಿಲಿಲೀಟರ್ ಸೋಸಿದ ಬೇಳೆಕಟ್ಟಿಗೆ ಕಾರ್ನ್‌ಫ್ಲೋರ್ ಒಂದು ಸಣ್ಣ ಚಮಚವಾದರೆ ಸೂಪು ತುಸು ಮೈ ತುಂಬಿಕೊಳ್ಳುವುದಷ್ಟೆ. ಒಂದು ದೊಡ್ಡ ಚಮಚ, ಅಂದರೆ ಸಣ್ಣ ಚಮಚ ಮೂರು, ಸಮತಟ್ಟಾಗಿ ಹಾಕಿದರೆ ಸೌಟಿನ ಬೆನ್ನಿಗೆ ಹತ್ತುವ ಗ್ರೇವಿಯ ಹದ. ಒಂದೂವರೆಯಾದರೆ ನಮಗೆ ಬೇಕಾದ ಜೇನಿನ ಹದ. ಎರಡಾದರೆ ಆರುವಷ್ಟರಲ್ಲಿ ಪುಡಿಂಗಿನಂತೆ ಗಟ್ಟಿಯಾಗುತ್ತದೆ. ಹಿಟ್ಟನ್ನು ಅದರ ಎರಡರಷ್ಟು ತಣ್ಣೀರಿನಲ್ಲಿ ಮೊದಲು ಕದಡಬೇಕು. ನೇರವಾಗಿ ಬಿಸಿಗೆ ಸುರಿದರೆ ಗಂಟು. ಕುದಿಯುವ ಬೇಳೆಕಟ್ಟಿಗೆ ಕದಡಿದ್ದನ್ನು ಸುರಿದು, ಕೈ ಬಿಡದೆ ತಿರುವುತ್ತ ಒಂದು ನಿಮಿಷ ಕುದಿಸಬೇಕು. ಹದವನ್ನು ಒಲೆಯ ಮೇಲಲ್ಲ, ಉಣಿಸುವಷ್ಟು ಆರಿದ ಮೇಲೆ ನೋಡಬೇಕು. ಪ್ರತಿ ಸಾಲಿನ ಎದುರೂ ದಿನ, ಹೊತ್ತು ಬರೆದೆ.

ಬಟ್ಟಲಿನ ಮೊದಲರ್ಧ ಸುಸೂತ್ರವಾಗಿ ಇಳಿಯುತ್ತಿತ್ತು. ಒಂದೊಂದು ಗುಟುಕಿಗೂ ಅವಳು ಕಾಯುತ್ತಿದ್ದುದರಿಂದ ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆದರೆ ಕೊನೆಯ ಹತ್ತು ಹನ್ನೆರಡು ಚಮಚಗಳಲ್ಲಿ ಕೆಮ್ಮು. ನಿಲ್ಲಿಸುತ್ತಿದ್ದೆ, ತಡೆದು ಮತ್ತೆ ಆರಂಭಿಸುತ್ತಿದ್ದೆ, ಏಕೆಂದರೆ ಹೊಟ್ಟೆಗೆ ಏನೂ ಸಾಲುತ್ತಿರಲಿಲ್ಲ. ಬಟ್ಟಲನ್ನು ನೋಡಿದರೆ ತಳದಲ್ಲಿ ನೀರೇ ಉಳಿದಿರುತ್ತಿತ್ತು. ಪ್ರಮಾಣ ಸಾಲದೆಂದು ಭಾವಿಸಿ ಒಂದೂಮುಕ್ಕಾಲು ದೊಡ್ಡ ಚಮಚ ಮಾಡಿದೆ. ಆಗ ಮೊದಲ ತುತ್ತು ಅಂಗುಳಿಗೆ ಅಂಟಿತು. ಕೊನೆಯದು ಮತ್ತೆ ನೀರಾಯಿತು.

ಹಿಟ್ಟನ್ನೇ ಶಂಕಿಸಿ ಆರಾರೂಟ್ ತಂದೆ. ಅದು ಕಾರ್ನ್‌ಫ್ಲೋರಿನ ಮೂರರಲ್ಲಿ ಎರಡು ಪಾಲು ಸಾಕು; ಕಡಿಮೆ ಬಿಸಿಯಲ್ಲೇ ಗಟ್ಟಿಯಾಗುತ್ತದೆ; ಗಟ್ಟಿಯಾದೊಡನೆ ಇಳಿಸಬೇಕು. ನಾನು ಕಾರ್ನ್‌ಫ್ಲೋರಿನಂತೆ ಕುದಿಸಿದೆ, ಆರಿದ್ದನ್ನು ಮತ್ತೆ ಕಾಯಿಸಿದೆ. ಅದು ಒಲೆಯ ಮೇಲೆಯೇ ಹದಗೆಟ್ಟು ತೆಳ್ಳಗಾಯಿತು. ತಿದ್ದಿಕೊಂಡೆ. ಒಲೆಯಿಂದ ಸರಿಯಾಗಿ ಇಳಿದದ್ದೂ ಬಟ್ಟಲಿನ ಕೊನೆಗೆ ನೀರಾಯಿತು.

ಆ ವಾರದಲ್ಲಿಯೇ ಅಕ್ಕ ಎಡಗೈಯಿಂದ ಚಮಚವನ್ನು ತಳ್ಳತೊಡಗಿದಳು. ಬಾಯಿಯಿಂದ ತೆಗೆದ ಚಮಚ ಬಟ್ಟಲಿನ ಕಡೆ ಹೋದಾಗಲೆಲ್ಲ ಕಣ್ಣರಳಿಸಿ, “ಎಂಜ್... ಎಂಜಲ,” ಎನ್ನುತ್ತಿದ್ದಳು.

“ನಿನ್ನ ಎಂಜಲ ನಿನಗೇ ಹೊಲಸೇನಕ್ಕಾ? ಉಣ್ಣು,” ಎನ್ನುತ್ತಿದ್ದೆ. ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆ: ‘ಎಂಜಲಿನ ಹಟ, ನಿರಾಕರಣೆ.’

ಒಂದು ಬುಧವಾರ ಸಂಜೆ ಸ್ಟೇಷನ್ ರಸ್ತೆಯಲ್ಲಿ ಸೂಪಿನ ಬಂಡಿ ಇಟ್ಟಿರುವ ಭಾಯಿಯ ಬಳಿ ಹೋದೆ. ದಿನವೂ ಹಂಡೆಗಟ್ಟಲೆ ಮಂಚೋ ಸೂಪನ್ನು ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡುವವನು, ಅಕ್ಕನ ಖಾನಾವಳಿಯನ್ನೂ ಬಲ್ಲವನು. ನೋಟುಪುಸ್ತಕವನ್ನೇ ಅವನ ಮುಂದೆ ಹಿಡಿದೆ.

“ಅರೆ ಸಾಹೇಬ್ರ, ಇದೇನ್ರಿ, ಸೂಪಿನ ಜಾತಕ?” ಎಂದು ನಕ್ಕ. “ಲೆಕ್ಕ ಎಲ್ಲಾ ಬರೋಬರ್ ಅದ. ತಿನ್ನಸೋದು ಹ್ಯಾಂಗ?”

“ಒಂದೇ ಬಟ್ಟಲು, ಒಂದೇ ಚಮಚ.”

“ಬಾಯಾಗಿಂದ ತೆಗದ ಚಮಚ ಮತ್ತ ಅದ್ರಾಗೇ?”

“ಹೌದು.”

ಅವನ ನಗು ಹೋಯಿತು. “ತಪ್ಪಾಯ್ತಲ್ರಿ. ಝೂಟಾ, ಎಂಜಲ ಚಮಚಾ ಬಿತ್ತಂದ್ರ ಸೂಪು ನೀರಾಗ್ತದ. ಗಿರಾಕಿ ಅರ್ಧ ಕುಡುದು ಬಿಟ್ಟ ಬಟ್ಲಾ ನೋಡ್ರಿ ಬೇಕಾದ್ರ. ಹಂಡೇದಾಗಿಂದು ಹ್ಯಾಂಗಿತ್ತೋ ಹಾಂಗೇ ಅದ, ಬಟ್ಲಾದಾಗಿಂದು ಪಾನಿ. ಬಾಯಾಗಿನ ಉಗುಳು ಹಿಟ್ಟು ಒಡೀತದ್ರಿ. ಖಾನಾವಳಿ ನಡಸಿದ ಅಕ್ಕಾರು ನಿಮಗ ಹೇಳ್ಲಿಲ್ಲೇನು?”

ಹೇಳಿದ್ದಳು. ಉಗುಳು ಪಿಷ್ಟವನ್ನು ಕರಗಿಸುತ್ತದೆಂಬುದು ಶಾಲೆಯ ಪಾಠ. ನನಗೂ ಗೊತ್ತಿದ್ದ ಸಂಗತಿ. ಅವಳು ಮಡಿಯ ಮಾತನ್ನಾಡುತ್ತಿದ್ದಾಳೆಂದು ನಾನು ಮೊದಲೇ ತೀರ್ಮಾನಿಸಿದ್ದರಿಂದ ಅವೆರಡನ್ನೂ ಕೂಡಿಸಿ ನೋಡಲಿಲ್ಲ.

ಆ ಸಂಜೆ ಸೂಪನ್ನು ಮುಚ್ಚಿಟ್ಟು, ಶುದ್ಧ ಸೌಟಿನಿಂದ ನಾಲ್ಕೇ ಚಮಚದಷ್ಟನ್ನು ಸಣ್ಣ ಲೋಟಕ್ಕೆ ಹಾಕಿದೆ. ಅದು ಮುಗಿದ ಮೇಲೆ ಬೇರೆ ಲೋಟ, ಬೇರೆ ಚಮಚ. ಪ್ರಮಾಣ ಹಳೆಯದೇ, ಒಂದೂವರೆ. ಕೊನೆಯ ಚಮಚವೂ ಜೇನಿನಂತೆ ಬಿತ್ತು. ಒಂದು ಕೆಮ್ಮೂ ಇಲ್ಲ. ಸಾಲಾಗಿಟ್ಟ ಎಂಜಲು ಲೋಟಗಳನ್ನು ಅಕ್ಕ ನೋಡಿದಳು, ನನ್ನನ್ನು ನೋಡಿದಳು.

“ಈಗ... ಕಲ್ತಿ,” ಎಂದಳು.

ಗುರುವಾರ ಬೆಳಿಗ್ಗೆ ಜ್ವರ. ಕೆಮ್ಮಿನ ವಾರಗಳಲ್ಲಿ ಇಳಿದದ್ದು ಎದೆಯಲ್ಲಿ ಕೂತಿತ್ತು, ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಅವಳ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಬಾಯಿಯಿಂದ ಏನನ್ನೂ ಕೊಡಕೂಡದೆಂದರು. ನಾನು ಜೇನಿನ ಹದದ ಕಟ್ಟನ್ನು ಡಬ್ಬಿಯಲ್ಲಿ ಒಯ್ದಿದ್ದೆ. ನರ್ಸ್ ಮುಚ್ಚಳ ತೆರೆದು ನೋಡಿದಳು.

“ಹಿಟ್ಟು ಹಾಕಬ್ಯಾಡ್ರಿ ಅಜ್ಜಾರೆ, ನಳಿಗಿ ಕಟ್ತದ. ಎರಡೆರಡು ಸಲ ಸೋಸಿ ನೀರಿನ್ಗತೆ ತೆಳ್ಳಗ ಮಾಡ್ಕೊಂಡು ಬರ್ರಿ.”

ಅಂದಿನಿಂದ ತೆಳ್ಳಗೆ ಮಾಡುತ್ತಿದ್ದೇನೆ. ಅದಕ್ಕೆ ಅಳತೆ ಬೇಕಿಲ್ಲ. ಬಾಯಿಯಿಂದ ಮತ್ತೆ ಉಣ್ಣುವ ದಿನ ಬರುತ್ತದೆಯೇ ಎಂದು ಕೇಳಿದರೆ ವೈದ್ಯರು ದಿನ ಹೇಳುವುದಿಲ್ಲ. ನೋಟುಪುಸ್ತಕದಲ್ಲಿ ‘ಎಂಜಲಿನ ಹಟ’ ಎಂಬ ನಮೂದು ಹನ್ನೊಂದು ಕಡೆ ಇದೆ. ಶಾಸನವನ್ನು ಮೊದಲು ಓದಿಕೊಂಡ ಪಾಠ ತಪ್ಪಾದರೂ ಅದನ್ನು ಅಳಿಸುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಹನ್ನೊಂದರ ಪಕ್ಕದಲ್ಲಿಯೂ ‘ಸರಿಯಾಗಿ ಹೇಳಿದ್ದಳು’ ಎಂದು ಬರೆದೆ. ದಿನಗಳನ್ನು ಎರಡು ಬಾರಿ ತಾಳೆ ನೋಡಿದೆ. ಒಂದೂ ತಪ್ಪಿಲ್ಲ.

ನಿನ್ನೆ ಸಿರಿಂಜಿನಿಂದ ಕಟ್ಟು ಇಳಿಯುತ್ತಿರುವಾಗ ಅಕ್ಕ ತುಟಿ ಅಲುಗಿಸಿದಳು. ಕಿವಿ ಹತ್ತಿರ ಒಯ್ದೆ.

“ಉಪ್ಪು?”

“ಬರೋಬರ್ ಅದ ಅಕ್ಕಾ,” ಎಂದೆ. ನಾನು ಅದರ ರುಚಿ ನೋಡಿರಲಿಲ್ಲ.