ನೀಲಿ ಗೆರೆಯ ಪುಟ

ಆಳಂದದ ಪ್ರೌಢಶಾಲೆಯಲ್ಲಿ ನಾನು ಸಹಶಿಕ್ಷಕನಾಗಿ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ನರೋಣೆಯ ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದ ನಾಲ್ಕು ಜನರ ಮುಂದೆ ತಪ್ಪು ಮಾತನಾಡಿಬಿಡುವೆನೆಂಬ ಭಯ ಹಗಲಿಡೀ ನನ್ನನ್ನು ಕಾಡುತ್ತಿತ್ತು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅದಕ್ಕೆ ಸಂಸ್ಥೆಯ ಅಧ್ಯಕ್ಷರ ಸಹಿ ಬೇಕಾಗಿತ್ತು.

ಆ ವರ್ಷ ನಮ್ಮ ಮುಖ್ಯೋಪಾಧ್ಯಾಯರೂ ಶಾಲೆಯ ಜವಾನರೂ ಒಂದೇ ದಿನ ನಿವೃತ್ತರಾದರು. ಇಬ್ಬರ ಜನ್ಮದಿನವನ್ನೂ ದಾಖಲೆಯಲ್ಲಿ ಜೂನ್ ಒಂದೆಂದೇ ಬರೆಸಿದ್ದರು. ಬೀಳ್ಕೊಡುಗೆಯ ಸಮಾರಂಭದಲ್ಲಿ ಇಬ್ಬರನ್ನೂ ಕುರಿತು ಅಭಿನಂದನಾ ಭಾಷಣ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಜವಾನರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ನಾನು ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದಾಗ ನರೋಣೆಯ ಬಸ್ಸು ತಡವಾದ ದಿನಗಳಲ್ಲಿ ಅವರು ನಾನು ಗೇಟಿನೊಳಗೆ ಬರುವವರೆಗೆ ಗಂಟೆ ಬಾರಿಸದೆ ನಿಲ್ಲುತ್ತಿದ್ದರು. ನಾನು ಶಿಕ್ಷಕನಾದ ಮೇಲೂ ಯಾರೂ ಇಲ್ಲದಾಗ ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು.

ಅವರ ಮೇಲೆ ಒಂದು ಹಳೆಯ ಕಳಂಕವಿತ್ತು. ಕಚೇರಿಯ ಗೋಡೆ ಗಡಿಯಾರ ಒಮ್ಮೆ ಕಾಣೆಯಾದಾಗ ಕದ್ದವರು ಅವರೇ ಎಂದು ಊರೆಲ್ಲ ಹೇಳಿತು. ಎರಡು ವರ್ಷಗಳ ನಂತರ ಗಡಿಯಾರ ಕಚೇರಿಯ ಅಲಮಾರಿಯಲ್ಲೇ ಹಳೆಯ ನಕಾಶೆಗಳ ಹಿಂದೆ ಸಿಕ್ಕಿತು. ಆ ಅಲಮಾರಿಯ ಕೀಲಿ ಇರುತ್ತಿದ್ದದ್ದು ಗುಮಾಸ್ತರ ಬಳಿ. ಗುಮಾಸ್ತರು ಅಧ್ಯಕ್ಷರ ಸೋದರಳಿಯ. ಹಾಗಾಗಿ ಗಡಿಯಾರ ಸದ್ದಿಲ್ಲದೆ ಗೋಡೆಗೆ ಮರಳಿತು. ಕಾಕಾ ಅವರ ಊರಾದ ಕಿಣ್ಣಿ ಸುಲ್ತಾನದಲ್ಲಿ ಮಾತ್ರ ‘ಗಡಿಯಾರದವ’ ಎಂಬ ಹೆಸರು ಉಳಿದುಹೋಯಿತು.

ಸಮಾರಂಭಕ್ಕೆ ನಾಲ್ಕು ದಿನ ಮುಂಚೆ ಅವರು ನನ್ನ ಬಳಿಗೆ ಬಂದರು.

“ತಮ್ಮಾ, ಆ ಗಡಿಯಾರದ ಮಾತು ಬರ್ತದಲ್ಲಾ?”

“ಬರ್ತದ ಕಾಕಾ. ಬರದೇನಿ, ಕೇಳ್ರಿ,” ಎಂದು ಆ ಪುಟವನ್ನು ಓದಿ ತೋರಿಸಿದೆ.

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. “ಮಗಳ ಮನಿ ಬೀಗರು ಬರಾಕತ್ತಾರ. ಮೈಕಿನ್ಯಾಗ ಒಮ್ಮೆ ಅಂದ್ರ ಸಾಕು. ನಾ ಹೇಳಿದ್ರ ನಗ್ತಾರ. ನೀ ಹೇಳಿದ್ರ ನಂಬ್ತಾರ.”

ಅವರಿಗೆ ಕೊಡುವ ಕಾಣಿಕೆ ಗೋಡೆ ಗಡಿಯಾರವೇ ಆಗಿರಲಿ ಎಂದು ಶಿಕ್ಷಕರ ಸಭೆಯಲ್ಲಿ ಸೂಚಿಸಿದವನು ನಾನೇ. ಮೊದಲು ನನ್ನ ಮಾತು, ಅದರ ಬೆನ್ನಿಗೆ ಆ ಕಾಣಿಕೆ. ಶಾಲೆಯೇ ತಪ್ಪೊಪ್ಪಿಕೊಂಡಂತಾಗುತ್ತದೆ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ನನಗೆ ಗೊತ್ತುಪಡಿಸಿದ್ದು ಇಪ್ಪತ್ತು ನಿಮಿಷ. ಹತ್ತು ಪುಟ ಬರೆದು, ಪುಟಕ್ಕೆ ಎರಡು ನಿಮಿಷದಂತೆ ಗಟ್ಟಿಯಾಗಿ ಓದಿ, ಕೈಗಡಿಯಾರ ನೋಡಿಕೊಂಡಿದ್ದೆ. ಸಮಯ ಕಡಿಮೆಯಾದರೆ ಏನು ಮಾಡಬೇಕೆಂಬುದನ್ನೂ ಗುರುತಿಸಿಕೊಂಡಿದ್ದೆ. ಕೆಂಪು ಗೆರೆ ಎಳೆದದ್ದನ್ನು ಹೇಳಲೇಬೇಕು. ಅದೆಲ್ಲ ಸೇರಿ ಆರು ನಿಮಿಷ. ನೀಲಿ ಗೆರೆಯದನ್ನು ಒಂದೇ ವಾಕ್ಯಕ್ಕೆ ಇಳಿಸಬಹುದು. ಆ ವಾಕ್ಯವನ್ನು ಅಂಚಿನಲ್ಲಿ ಮೊದಲೇ ಬರೆದಿಟ್ಟಿದ್ದೆ. ಪೆನ್ಸಿಲಿನ ಕಂಸದಲ್ಲಿದ್ದದ್ದನ್ನು ಪೂರ್ತಿ ಬಿಡಬಹುದು. ಮುಖ್ಯೋಪಾಧ್ಯಾಯರ ಶಿಸ್ತು ಮತ್ತು ಅಧ್ಯಕ್ಷರ ದೂರದೃಷ್ಟಿ ಕೆಂಪಾದವು. ಗಡಿಯಾರ ನೀಲಿಯಾಯಿತು. ಅಂಚಿನ ವಾಕ್ಯ ಹೀಗಿತ್ತು: ‘ಕಾಣೆಯಾದ ಗಡಿಯಾರ ಕಚೇರಿಯ ಅಲಮಾರಿಯಲ್ಲೇ ದೊರೆಯಿತು, ಇವರು ನಿರ್ದೋಷಿಗಳು.’ ಅದನ್ನು ಹೇಳಲು ಹತ್ತು ಸೆಕೆಂಡು ಸಾಕು.

ಸಮಾರಂಭ ಮಧ್ಯಾಹ್ನ ಮೂರಕ್ಕೆ ಆರಂಭವಾಯಿತು. ನನಗಿಂತ ಮುಂಚಿನ ಮೂವರು ಭಾಷಣಕಾರರಿಗೆ ತಲಾ ಹತ್ತು ನಿಮಿಷ. ಜೇವರ್ಗಿಯಿಂದ ಬಂದಿದ್ದ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಸೇವಾವಧಿಯ ಎಲ್ಲ ವರ್ಗಾವಣೆಗಳನ್ನು ವಿವರಿಸಿ ನಲವತ್ತು ನಿಮಿಷ ತೆಗೆದುಕೊಂಡರು. ಎರಡನೆಯವರು “ಎರಡ ಮಾತು ಹೇಳಿ ಮುಗಸ್ತೇನಿ” ಎಂದು ಮೂರು ಬಾರಿ ಹೇಳಿ, ಅರ್ಧ ಗಂಟೆಯ ಮೇಲೆ ಕುಳಿತರು. ಮೂರನೆಯವರು ಅವರಿಗೆ ಸೋಲಲಿಲ್ಲ. ಮೂವರೂ ಮುಖ್ಯೋಪಾಧ್ಯಾಯರ ಶಿಸ್ತನ್ನೇ ಹೊಗಳಿದರು. ಕಾಕಾ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ವೇದಿಕೆಯ ತುದಿಯ ಕುರ್ಚಿಯಲ್ಲಿ ತಲೆಗೆ ಬಿಳಿ ಪಟಗ ಸುತ್ತಿಕೊಂಡು ಕುಳಿತಿದ್ದ ಅವರನ್ನು ನಡುವೆ ಎರಡು ಸಲ ನೀರು ತರಲು ಎಬ್ಬಿಸಿದರು.

ನಾನು ಎದ್ದು ಎರಡು ನಿಮಿಷವಾಗಿರಲಿಲ್ಲ. ಮುಖ್ಯ ಅತಿಥಿಗಳು ಅಫಜಲಪುರದ ಇನ್ನೊಂದು ಸಮಾರಂಭಕ್ಕೆ ಹೊರಡಬೇಕಾಗಿತ್ತು. ಅಧ್ಯಕ್ಷರು ಒಂದು ಚೀಟಿ ಬರೆದು, ಪಕ್ಕಕ್ಕೆ ನೋಡಿ, ರೂಢಿಯಂತೆ ಕಾಕಾ ಅವರ ಕೈಗೇ ಕೊಟ್ಟರು. ಕಾಕಾ ಅವರಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ನನ್ನ ಹಾಳೆಗಳ ಮೇಲಿಟ್ಟು, “ಸಾಹೇಬ್ರು ಏನೋ ಕೊಟ್ಟಾರ. ನೀ ನಡಸು ತಮ್ಮಾ,” ಎಂದು ಪಿಸುಗುಟ್ಟಿ ನಕ್ಕರು.

‘ಇನ್ನು ಐದು ನಿಮಿಷ’ ಎಂದು ಅದರಲ್ಲಿತ್ತು.

ಬಿಡುವುದನ್ನು ಅವಸರವಿಲ್ಲದೆ ಬಿಡಬೇಕು, ಬಿಡುತ್ತಿದ್ದೇನೆಂದು ಸಭೆಗೆ ಹೇಳಬಾರದು. ಕಂಸದ ಪುಟಗಳನ್ನು ಕೆಳಗೆ ಸರಿಸಿದೆ. ಯಾರಿಗೂ ತಿಳಿಯಲಿಲ್ಲ. ಹಿಂದಿನವರು ಹೇಳಿಬಿಟ್ಟದ್ದನ್ನು ಕೆಂಪಾಗಿದ್ದರೂ ಬಿಡಬೇಕೆಂಬುದೂ ನನಗೆ ಗೊತ್ತಿತ್ತು. ಶಿಸ್ತಿನ ಮಾತು ಮೂರು ಬಾರಿ ಆಗಿಹೋಗಿತ್ತು. ಅದನ್ನು ಬಿಟ್ಟಿದ್ದರೆ ಗಡಿಯಾರದ ಪುಟವೇ ಪೂರ್ತಿ ಹಿಡಿಸುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ಗುಮಾಸ್ತರು ಕಾಲ ಮೇಲೆ ಕಾಲು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಶಿಸ್ತನ್ನು ನಾಲ್ಕನೆಯ ಬಾರಿ ಹೊಗಳಿದೆ. ಅಧ್ಯಕ್ಷರ ದೂರದೃಷ್ಟಿಯ ಒಂದು ಪದವನ್ನೂ ಬಿಡಲಿಲ್ಲ. ನೀಲಿ ಪುಟ ಬಂದಾಗ ಬೆರಳು ಅಂಚಿನ ವಾಕ್ಯದ ಮೇಲೆ ಕ್ಷಣಕಾಲ ನಿಂತಿತು. ಅದನ್ನೂ ಮಗುಚಿದೆ. ಬಾಯಿಪಾಠ ಮಾಡಿದ್ದ ಸಮಾರೋಪವನ್ನು ಹೇಳಿ, ಐದನೆಯ ನಿಮಿಷಕ್ಕೆ ಸರಿಯಾಗಿ ಕೈಮುಗಿದೆ.

“ಟೈಮ್ ಅಂದ್ರ ಹಿಂಗಿರಬೇಕು! ಇವರ್ನ ನೋಡಿ ಕಲೀರಿ,” ಎಂದು ಅಧ್ಯಕ್ಷರು ಮೈಕಿಗೆ ಕೇಳುವಂತೆಯೇ ಹೇಳಿದರು. ಚಪ್ಪಾಳೆ ಬಿತ್ತು.

ಕಾಕಾ ಮಾತ್ರ ಇನ್ನೂ ಮೈಕಿನ ಕಡೆಗೇ ನೋಡುತ್ತಿದ್ದರು. ನಾನು ನೀರು ಕುಡಿಯಲು ನಿಲ್ಲಿಸಿದ್ದೇನೆಂದು ಅವರು ಭಾವಿಸಿರಬೇಕು.

ಒಂದು ಮಾತನ್ನು ಕತ್ತರಿಸುವಾಗ ಮುಂದೆ ಅದಕ್ಕೆ ಏನು ಜೋತುಬಿದ್ದಿದೆ ಎಂಬುದನ್ನು ನೋಡಬೇಕು. ಅದನ್ನು ನಾನು ನೋಡಿರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಶಾಲು, ಹಾರಗಳಾದ ಮೇಲೆ ಅತಿಥಿಗಳು ಆತುರಾತುರವಾಗಿ ಕಾಕಾ ಅವರ ಕೈಗೆ ಹೊಸ ಗೋಡೆ ಗಡಿಯಾರವನ್ನು ಇಟ್ಟರು. ಕೂಡಲೇ ಸಭೆಯ ಹಿಂದಿನಿಂದ ಯಾರೋ ಕೂಗಿದರು:

“ಈ ಸಲ ಕೇಳಿ ಒಯ್ಯಾಕತ್ತಾನ ನೋಡ್ರಲೇ!”

ಆಳಂದವೇ ನಕ್ಕಿತು. ಗುಮಾಸ್ತರು ಕರವಸ್ತ್ರವನ್ನು ಬಾಯಿಗೆ ಹಿಡಿದರು. ವೇದಿಕೆಯ ಮೇಲೂ ಒಬ್ಬಿಬ್ಬರ ಹೊಟ್ಟೆ ಕುಲುಕಿತು. ನನ್ನ ತುಟಿಯೂ ಅವರೊಂದಿಗೆ ಅಗಲವಾದದ್ದು ನನಗೆ ನೆನಪಿದೆ.

ಕೆಳಗಿಳಿದಾಗ ಅವರ ಬೀಗರು ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಚಂದ ಅದ ಬೀಗರ. ರಸೀದಿ ಇಸ್ಕೊಳ್ರಿ ಮತ್ತ. ನಾಳೆ ಯಾರರೆ ಬಂದು ಕೇಳಿದ್ರ?”

ಮರುದಿನ ಕಾಕಾ ಗಡಿಯಾರವನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಬಂದರು. ಶಿಕ್ಷಕರ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

“ಸರ್ರ, ಒಂದು ಚೀಟಿ ಬರ್ದು ಕೊಡ್ರಿ. ಇದು ಶಾಲಿಯವರ ಕೊಟ್ಟದ್ದು ಅಂತ.”

ನಾನು ಶಾಲೆಯ ತಲೆಬರಹವಿದ್ದ ಹಾಳೆ ತಂದು ಬರೆದೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ.

“ಓದ್ರಿ ಸರ್ರ.”

“ಸದರಿ ಗೋಡೆ ಗಡಿಯಾರವನ್ನು ನಿವೃತ್ತಿಯ ಪ್ರಯುಕ್ತ ಇವರಿಗೆ ಕಾಣಿಕೆಯಾಗಿ ನೀಡಲಾಗಿದೆ ಎಂದು ದೃಢೀಕರಿಸಲಾಗಿದೆ.”

“ಅಷ್ಟ?”

“ಅಷ್ಟ ಕಾಕಾ.”

ಅವರು ಹಾಳೆಯನ್ನೇ ನೋಡುತ್ತ ನಿಂತರು. “ಕೆಳಗ ಜಾಗ ಅದ ಅಲ್ರಿ. ಆ ಮಾತೂ ಹಿಡಸ್ತಿತ್ತು.”

“ಅಲ್ಲಿ ಸಿಕ್ಕಾ ಹಾಕಬೇಕ್ರಿ,” ಎಂದು ನಾನು ಶಾಲೆಯ ಮೊಹರನ್ನು ಮಸಿಗೆ ಒತ್ತಿ, ಆ ಜಾಗದ ನಟ್ಟನಡುವೆ ಹಾಕಿದೆ.