ಹದಿನಾರನೆಯ ಮನೆಯ ಕಾಳು

ನಮ್ಮ ಹತ್ತನೆಯ ಇಯತ್ತೆಯ ಜೀವಶಾಸ್ತ್ರ ಪುಸ್ತಕದ ಒಂದು ಚಿತ್ರದಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಬಟಾಣಿಯ ಎರಡು ಗುಣಗಳನ್ನು ಒಟ್ಟಿಗೆ ನೋಡುವ ಚೌಕ ಅದು. ದೊಡ್ಡ R ಎಂದರೆ ದುಂಡು ಕಾಳು, ಸಣ್ಣ r ಎಂದರೆ ಸುಕ್ಕು ಕಾಳು. ದೊಡ್ಡ Y ಹಳದಿ, ಸಣ್ಣ y ಹಸಿರು. ದೊಡ್ಡಕ್ಷರ ಒಂದಿದ್ದರೂ ಸಾಕು, ಅದರ ಗುಣವೇ ಹೊರಗೆ ಕಾಣುತ್ತದೆ. ತಂದೆ ತಾಯಿ ಎರಡೂ ಗಿಡಗಳು RrYy. ಚೌಕದ ಮೇಲುಗಡೆ ಒಂದು ಗಿಡದ ನಾಲ್ಕು ಬಗೆಯ ಲಿಂಗಾಣುಗಳು: RY, Ry, rY, ry. ಎಡಬದಿಯಲ್ಲಿ ಇನ್ನೊಂದರವು, ಅವೇ ನಾಲ್ಕು ಇರಬೇಕು. ಆದರೆ ಅಲ್ಲಿ ಮೇಲಿನಿಂದ ಕೆಳಕ್ಕೆ RY, Ry, rY, ಮತ್ತೆ rY ಎಂದು ಅಚ್ಚಾಗಿತ್ತು. ಒಳಗಿನ ಹದಿನಾರು ಮನೆಗಳು ಖಾಲಿ. ತುಂಬಿಸಿ, ಹೊರಗೆ ಕಾಣುವ ರೂಪಗಳ ಅನುಪಾತ ಬರೆದು, ಕಾರಣ ಕೊಡಿ ಎಂದು ಕೆಳಗೆ ಪ್ರಶ್ನೆ.

ಇಡೀ ವರ್ಷ ಯಾರಿಗೂ ಅದು ಕಾಣಲಿಲ್ಲ. ನಾವು ಆ ಮನೆಗಳನ್ನು ತುಂಬಿಯೇ ಇರಲಿಲ್ಲ. ಒಂಬತ್ತು, ಮೂರು, ಮೂರು, ಒಂದು ಎಂದು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿದ್ದೆವು.

ಸಾಂಗ್ಲಿಯ ನಮ್ಮ ಶಾಲೆ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ ನಡೆಸುತ್ತಿದ್ದವರು ಕಟ್ಟಿದ ಶಿಕ್ಷಣ ಸಂಸ್ಥೆಯದು. ಕಾರ್ಖಾನೆಯ ಅಧ್ಯಕ್ಷರೇ ಸಂಸ್ಥೆಯ ಅಧ್ಯಕ್ಷರು. ಮರಾಠಿ ವರ್ಗಗಳು ಮುಂದಿನ ಕಟ್ಟಡದಲ್ಲಿ, ಕನ್ನಡ ವರ್ಗ ಹಿಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ. ನಮ್ಮಲ್ಲಿ ವಿಜ್ಞಾನ ಕಲಿಸಲು ಇದ್ದವರು ಒಬ್ಬರೇ ಮಾಸ್ತರರು. ಆ ವರ್ಷ ಸಂಸ್ಥೆ ತನ್ನ ಹೊಸ ಸಾಯನ್ಸ್ ಕಾಲೇಜಿನಲ್ಲಿ ಕನ್ನಡ ವರ್ಗದ ಒಬ್ಬ ವಿದ್ಯಾರ್ಥಿಗೆ ಶುಲ್ಕವಿಲ್ಲದ ಜಾಗ ಕೊಡುವುದಾಗಿ ಸಾರಿತು. ಅದಕ್ಕೊಂದು ಬೇರೆ ಪರೀಕ್ಷೆ.

ಆ ಜಾಗಕ್ಕೆ ನಿಜವಾಗಿ ಸ್ಪರ್ಧೆಯಲ್ಲಿದ್ದವರು ಇಬ್ಬರು. ಒಬ್ಬ ನಾನು. ನಮ್ಮದು ಬುಧಗಾಂವದ ಜೈನ ಮನೆ. ಹೊಲವಿತ್ತು, ಪೇಟೆಯಲ್ಲಿ ಕಾಕಾನ ಅಂಗಡಿಯಿತ್ತು. ಜಾಗ ಸಿಗದಿದ್ದರೂ ನನ್ನ ಓದು ನಿಲ್ಲುತ್ತಿರಲಿಲ್ಲ. ಇನ್ನೊಬ್ಬಳು ಮಿರಜದಿಂದ ಬರುತ್ತಿದ್ದ ಹುಡುಗಿ. ಅವಳ ತಾಯಿ ವಿಜಾಪುರದ ಕಡೆಯಿಂದ ಕೂಲಿಗೆ ಬಂದವಳು, ಸಾಂಗ್ಲಿಯ ಅರಿಶಿನದ ಗೋದಾಮಿನಲ್ಲಿ ಕೊಂಬು ಹಸನು ಮಾಡುತ್ತಿದ್ದಳು. ತಾಯಿ ಮಗಳು ಬೆಳಿಗ್ಗೆ ಒಂದೇ ಬಸ್ಸಿಗೆ ಬಂದು ಸಂಜೆ ಒಂದೇ ಬಸ್ಸಿಗೆ ಹಿಂದಿರುಗುತ್ತಿದ್ದರು. ಹುಡುಗಿ ಒಮ್ಮೆ ಮಿರಜದ ಆಸ್ಪತ್ರೆಯಲ್ಲಿ ತನ್ನ ರಕ್ತ ತಪಾಸಣೆಗೆ ಹೋಗಿದ್ದಾಗ ಅಲ್ಲಿನವರು ಸೂಕ್ಷ್ಮದರ್ಶಕದಲ್ಲಿ ಅವಳಿಗೂ ಇಣುಕಲು ಬಿಟ್ಟಿದ್ದರಂತೆ. ಅಂದಿನಿಂದ ಅದೇ ಕೆಲಸ ಮಾಡಬೇಕೆಂದು ಕೂತಿದ್ದಳು. ಆ ಕೆಲಸಕ್ಕೆ ಸಾಯನ್ಸ್ ಬೇಕು, ಸಾಯನ್ಸಿಗೆ ಈ ಜಾಗ ಬೇಕು. ಸಿಗದಿದ್ದರೆ ಗೋದಾಮು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಇದನ್ನು ಅವಳು ದೂರಿನ ಹಾಗೆ ಹೇಳುತ್ತಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳುತ್ತಿದ್ದಳು.

ಅನುಪಾತ ಹೇಗೆ ಬರುತ್ತದೆಂದು ನನಗೆ ತಿಳಿಸಿದವಳು ಅವಳೇ. ಒಂದು ಮಧ್ಯಾಹ್ನ ಶೆಡ್ಡಿನ ಕಟ್ಟೆಯ ಮೇಲೆ ಚೌಕಾಬಾರದ ಹುಣಸೆ ಬೀಜ ಇಟ್ಟು ತೋರಿಸಿದಳು. ಆಕಾರ ಒಂದನ್ನೇ ನೋಡಿದರೆ ನಾಲ್ಕರಲ್ಲಿ ಮೂರು ದುಂಡು, ಒಂದು ಸುಕ್ಕು. ಬಣ್ಣ ಒಂದನ್ನೇ ನೋಡಿದರೆ ನಾಲ್ಕರಲ್ಲಿ ಮೂರು ಹಳದಿ, ಒಂದು ಹಸಿರು. ಒಂದು ಗುಣ ಇನ್ನೊಂದರ ಕೈ ಹಿಡಿದು ಬರುವುದಿಲ್ಲ, ತನ್ನಷ್ಟಕ್ಕೆ ಹಂಚಿಕೆಯಾಗುತ್ತದೆ. ಹಾಗಾಗಿ ಗುಣಿಸಬೇಕು: ಹದಿನಾರರಲ್ಲಿ ಮೂರು ಮೂರಲೆ ಒಂಬತ್ತು ದುಂಡು ಹಳದಿ, ಮೂರು ದುಂಡು ಹಸಿರು, ಮೂರು ಸುಕ್ಕು ಹಳದಿ, ಒಂದು ಸುಕ್ಕು ಹಸಿರು.

‘ಆ ಒಂದು ಕಾಳು ಸಿಗಬೇಕಂದ್ರ ಎರಡೂ ಕಡಿಂದ ry ಬರಬೇಕು’ ಎಂದಳು. ‘ಒಂದ ಕಡಿಂದ ಬರಲಿಲ್ಲಂದ್ರ ಅದು ಹುಟ್ಟೂದ ಇಲ್ಲ.’

ನಾನು ತಲೆಯಾಡಿಸಿದೆ. ಒಂಬತ್ತು ಮೂರು ಮೂರು ಒಂದು ನನಗೆ ಮೊದಲೇ ಬರುತ್ತಿತ್ತು.

ಪರೀಕ್ಷೆಗೆ ಒಂದು ವಾರ ಮೊದಲು ಕಾರ್ಖಾನೆಯ ಸಂಚಾಲಕ ಮಂಡಳಿಯ ಚುನಾವಣೆಯ ಪ್ರಚಾರ ಶುರುವಾಯಿತು. ಸಂಸ್ಥೆಯ ಮಾಸ್ತರರೆಲ್ಲ ಅಧ್ಯಕ್ಷರ ಪ್ಯಾನೆಲ್ಲಿನ ಚೀಟಿ ಹಂಚಲು ಹಳ್ಳಿಗಳಿಗೆ ಹೋಗುವುದು ವಾಡಿಕೆ. ಕಾರ್ಖಾನೆಯಲ್ಲಿ ಮತವಿದ್ದ ಕನ್ನಡ ಮಾತಾಡುವ ಸಭಾಸದರ ಮನೆಗಳಿಗೆ ನಮ್ಮ ವಿಜ್ಞಾನದ ಮಾಸ್ತರರನ್ನು ಕಳಿಸಿದರು. ಹೀಗಾಗಿ ಪ್ರಶ್ನೆಪತ್ರಿಕೆಯನ್ನು ಅವರು ಅವಸರದಲ್ಲಿ ಬರೆದಿಟ್ಟು ಹೋದರು. ಚೌಕದ ಪುಟಕ್ಕೆ ಗುರುತು ಹಾಕಿದ್ದರು. ಚಿತ್ರಕಲೆಯ ಮಾಸ್ತರರು ಆ ಪುಟದ ಮೇಲೆ ಸ್ಟೆನ್ಸಿಲ್ ಕಾಗದ ಇಟ್ಟು ಗೆರೆ ಗೆರೆ ತಪ್ಪದಂತೆ ಚಿತ್ರವನ್ನು ಇಳಿಸಿದರು. ಅವರ ಕೆಲಸದಲ್ಲಿ ದೋಷವಿರಲಿಲ್ಲ. ಪುಸ್ತಕದ ತಪ್ಪು ಹಾಗೆಯೇ ಸೈಕ್ಲೋಸ್ಟೈಲ್ ಆಗಿ ನಮ್ಮ ಬೆಂಚಿಗೆ ಬಂತು.

ಪರೀಕ್ಷೆಯಲ್ಲಿ ನಾನು ಮನೆಗಳನ್ನು ಅಚ್ಚಿನಲ್ಲಿದ್ದಂತೆಯೇ ತುಂಬಿದೆ. ನಾಲ್ಕನೆಯ ಸಾಲು ಬರೆಯುವಾಗ ಅದು ಮೂರನೆಯ ಸಾಲಿನ ನಕಲೆಂದು ನನಗೆ ಕಂಡಿತು. RrYY, RrYy, rrYY, rrYy. ಮತ್ತೆ ಅವೇ. ಪೆನ್ನು ಒಂದು ಕ್ಷಣ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಕೆಳಗೆ 9:3:3:1 ಎಂದು ಬರೆದು, ಬಾಯಿಪಾಠದ ಕಾರಣವನ್ನೂ ಬರೆದು, ಪುಟ ತಿರುಗಿಸಿದೆ. ಎಣಿಸಲಿಲ್ಲ.

ಅವಳು ಎಣಿಸಿದಳು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ಅದನ್ನೇ ಹೇಳಿದಳು. ಅನುಪಾತದ ಗೆರೆಯ ಮೇಲೆ 10:2:4:0 ಎಂದು ಬರೆದಿದ್ದಳು. ಕೆಳಗೆ ಕನ್ನಡದಲ್ಲಿ ಅರ್ಧ ಪುಟ ಕಾರಣ: ಕೊಟ್ಟ ಚಿತ್ರದಂತೆ ತುಂಬಿದರೆ ಬರುವುದು ಇಷ್ಟು, ಆದರೆ RrYy ಗಿಡ ನಾಲ್ಕು ಬಗೆಯ ಲಿಂಗಾಣುಗಳನ್ನು ಸಮ ಪ್ರಮಾಣದಲ್ಲಿ ಕೊಡಬೇಕು, ಎಡಬದಿಯಲ್ಲಿ rY ಎರಡು ಸಲ ಬಂದು ry ಬಿಟ್ಟುಹೋಗಿದೆ, ಕೊನೆಯದನ್ನು ry ಎಂದು ತಿದ್ದಿದರೆ ಒಂಬತ್ತು, ಮೂರು, ಮೂರು, ಒಂದು ಬರುತ್ತದೆ.

‘ನೀ ಏನ್ ಬರದಿ?’ ಎಂದು ಕೇಳಿದಳು.

‘ಒಂಬತ್ತು ಮೂರು ಮೂರು ಒಂದು.’

‘ಚಿತ್ರಾ ತಿದ್ದಿ ಬರದಿಯೇನು?’

ಬಸ್ಸು ಬಂತು. ಅವಳ ತಾಯಿ ಗೋದಾಮಿನ ಕಡೆಯಿಂದ ಸೆರಗು ಕೊಡವಿಕೊಳ್ಳುತ್ತ ಬಂದಳು, ನನಗೆ ಉತ್ತರ ಕೊಡುವ ಪ್ರಸಂಗ ತಪ್ಪಿತು. ‘ಛಲೋ ಬರದಿರೇನಪಾ ಇಬ್ಬರೂ?’ ಎಂದು ಅವಳು ಕೇಳಿದ್ದಕ್ಕೆ ‘ಹೌದ್ರಿ ಮಾವಶಿ’ ಎಂದೆ.

ಉತ್ತರಪತ್ರಿಕೆ ನೋಡಿದವರು ಕಾಲೇಜಿನ ಮರಾಠಿ ಪ್ರಾಧ್ಯಾಪಕರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಮ್ಮ ಮಾಸ್ತರರು ಪಕ್ಕದಲ್ಲಿ ಕೂತು ಕನ್ನಡ ಬರಹವನ್ನು ಮರಾಠಿಯಲ್ಲಿ ಹೇಳುವುದು, ಅವರು ಅಂಕ ಹಾಕುವುದು ಎಂದು ಏರ್ಪಾಟಾಗಿತ್ತು. ಮಾಸ್ತರರು ಇನ್ನೂ ಚೀಟಿ ಹಂಚುತ್ತ ಸಾಂಗ್ಲಿವಾಡಿಯಲ್ಲಿದ್ದರು. ಪ್ರಾಧ್ಯಾಪಕರು ಕಾಯಲಿಲ್ಲ. ಅಂಕಿಗಳನ್ನು ನೋಡಿದರು. ಕೆಳಗಿನ ಅನುಪಾತ ಸರಿಯಿದ್ದರೆ ಮೇಲಿನ ಮನೆಗಳಿಗೂ ಕಾರಣಕ್ಕೂ ಸೇರಿಸಿ ಪೂರ್ತಿ ಐದು. ಅನುಪಾತ ತಪ್ಪಿದ್ದರೆ ಶ್ರಮಕ್ಕೆಂದು ಒಂದು. ನನಗೆ ಐದು ಬಂತು, ಅವಳಿಗೆ ಒಂದು. ಒಟ್ಟು ಅಂಕಗಳಲ್ಲಿ ಅವಳು ನನಗಿಂತ ಎರಡು ಕಡಿಮೆಯಾದಳು. ಫಲಕದ ಮೇಲೆ ನನ್ನ ಹೆಸರು ಬಿತ್ತು.

ಚುನಾವಣೆ ಮುಗಿಸಿ ಬಂದ ಮಾಸ್ತರರ ಬಳಿ ಅವಳು ಹೋದಳು. ಅವರು ಪುಸ್ತಕ ತೆರೆದು ಚಿತ್ರ ನೋಡಿದರು. ಆಮೇಲೆ ಅವಳನ್ನು ಕರೆದುಕೊಂಡು ಮುಖ್ಯಾಧ್ಯಾಪಕರ ಕೋಣೆಗೆ ಹೋದರು. ಪ್ರಾಧ್ಯಾಪಕರನ್ನೂ ಕರೆಸಿದರು. ಸ್ವಲ್ಪ ಹೊತ್ತಿನ ಮೇಲೆ ಜವಾನ ಬಂದು ನನ್ನನ್ನೂ ಕರೆದ.

ಪ್ರಾಧ್ಯಾಪಕರ ಮುಂದೆ ಪುಸ್ತಕ ತೆರೆದಿತ್ತು. ಅವರು ಚೌಕದ ಎಡಬದಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಒಮ್ಮೆ ಎಳೆದರು. ಬೆರಳು ನಾಲ್ಕನೆಯ ಜೋಡಿಯ ಬಳಿ ನಿಂತಿತು. ಅವರಿಗೆ ತಿಳಿಯಿತೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ಫಲಿತಾಂಶದ ಕಾಗದಕ್ಕೆ ಅಧ್ಯಕ್ಷರ ಸಹಿ ಬಿದ್ದಿತ್ತು. ಅವರು ಪುಸ್ತಕ ಮುಚ್ಚಿ, ಚಿತ್ರ ತಪ್ಪಿದ್ದರೆ ಈ ಹುಡುಗನಿಗೆ ಸರಿ ಉತ್ತರ ಹೇಗೆ ಬಂತು ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಉತ್ತರಪತ್ರಿಕೆ ಮೇಜಿನ ಮೇಲೆ ಬೋರಲು ಬಿದ್ದಿತ್ತು.

ಮುಖ್ಯಾಧ್ಯಾಪಕರು ಕನ್ನಡ ಬಲ್ಲವರು. ನನ್ನ ಕಡೆ ತಿರುಗಿ, ‘ನೀ ಮನಿ ಎಣಿಸಿ ಬರದಿಯೋ, ಹಂಗ ಬರದಿಯೋ?’ ಎಂದರು.

‘ಎಣಿಸಿ ಬರದೀನ್ರಿ ಸರ್’ ಎಂದೆ.

ಅಷ್ಟೇ ನಾನು ಹೇಳಿದ್ದು. ಮುಖ್ಯಾಧ್ಯಾಪಕರು ಮಾಸ್ತರರ ಮುಖ ನೋಡಿದರು. ಮಾಸ್ತರರು ನೆಲ ನೋಡಿದರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹುಡುಗಿ ಮಾತ್ರ ಮೇಜಿನ ಕಡೆ ಕೈ ತೋರಿಸಿದಳು.

‘ಅವನ ಪೇಪರ್ ತಿರುವಿ ನೋಡ್ರಿ ಸರ್. ಹದಿನಾರ ಮನಿ ಅದಾವ. ಸುಕ್ಕು ಹಸರು ಎಲ್ಲೈತಿ ತೋರಸ್ರಿ, ನಾ ಸುಮ್ಮ ಹೊಕ್ಕೀನಿ.’

ಒಬ್ಬರ ಪತ್ರಿಕೆಯನ್ನು ಇನ್ನೊಬ್ಬರಿಗೆ ತೋರಿಸುವ ನಿಯಮವಿಲ್ಲ ಎಂದರು ಮುಖ್ಯಾಧ್ಯಾಪಕರು. ನಿಯಮ ಹಾಗೆಯೇ ಇತ್ತು, ಅದು ಸುಳ್ಳಲ್ಲ. ತಾವೇ ತಿರುವಿ ನೋಡಲು ಯಾವ ನಿಯಮವೂ ಅಡ್ಡ ಇರಲಿಲ್ಲ. ಯಾರೂ ತಿರುವಲಿಲ್ಲ. ಅವಳು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಮಾಸ್ತರರಿಗೆ ‘ಬರ್ತೀನ್ರಿ’ ಎಂದು ಹೇಳಿ ಹೋದಳು.

ಆ ಬೇಸಿಗೆಯಲ್ಲಿ ಅವಳು ತಾಯಿಯ ಜೊತೆ ಗೋದಾಮಿಗೆ ಹೋಗತೊಡಗಿದಳು. ಕಾಕಾನ ಅಂಗಡಿಗೆ ಹೋಗುವ ದಾರಿಯಲ್ಲೇ ಆ ಗೋದಾಮು. ನಾನು ಸುತ್ತು ಬಳಸಿ ಹೋಗುತ್ತಿದ್ದೆ. ಕಾಲೇಜು ಶುರುವಾದ ಮೇಲೆ ಒಮ್ಮೆ ಮಾತ್ರ ಎದುರಾದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಮೊಣಕೈ ತನಕ ಹಳದಿ. ‘ಕಾಲೇಜ್ ಹ್ಯಾಂಗೈತಿ?’ ಎಂದಳು. ಛಲೋ ಐತಿ ಎಂದೆ. ‘ಸೂಕ್ಷ್ಮದರ್ಶಕ ಕೊಡ್ತಾರೇನು ನೋಡಾಕ?’ ಎಂದಳು. ಕೊಡ್ತಾರೆ ಎಂದೆ. ಆ ತಿಂಗಳು ನಾನು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಒಂದೂವರೆ ವರ್ಷಕ್ಕೆ ನಾನು ಸಾಯನ್ಸ್ ಬಿಟ್ಟೆ. ಆ ಜಾಗಕ್ಕೆ ನಡುವೆ ಬೇರೆಯವರನ್ನು ಸೇರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಅದು ಖಾಲಿ ಉಳಿಯಿತು. ಮುಂದೆ ನಾನು ಒಂದು ದಿನಪತ್ರಿಕೆಗೆ ಸೇರಿದೆ. ಬೇರೆಯವರ ಅಂಕಿಗಳನ್ನು ಎಣಿಸಿ ತಾಳೆ ನೋಡುವುದೇ ಅಲ್ಲಿ ನನ್ನ ಕೆಲಸವಾಯಿತು. ಅದರಲ್ಲಿ ನಾನು ಕಟ್ಟುನಿಟ್ಟಿನವನೆಂದು ಹೆಸರಾಯಿತು.

ಪುಸ್ತಕದ ಮುಂದಿನ ಮುದ್ರಣದಲ್ಲಿ ಎಡಬದಿಯ ನಾಲ್ಕನೆಯ ಜೋಡಿಯನ್ನು ry ಎಂದು ತಿದ್ದಿದ್ದರು. ಯಾರು ಬರೆದು ತಿಳಿಸಿದರೋ ಗೊತ್ತಿಲ್ಲ. ಪುಸ್ತಕದ ಅಂಗಡಿಯಲ್ಲಿ ನಿಂತೇ ಪೆನ್ಸಿಲಿನಿಂದ ಹದಿನಾರೂ ಮನೆ ತುಂಬಿ, ಮೊದಲ ಬಾರಿಗೆ ಎಣಿಸಿದೆ. ಕೆಳಗಿನ ಬಲಮೂಲೆಯಲ್ಲಿ rryy ಬಂತು, ಒಂದೇ ಒಂದು. ನನ್ನ ಉತ್ತರಪತ್ರಿಕೆಯಲ್ಲಿ ಆ ಮೂಲೆಯಲ್ಲಿ ಇದ್ದದ್ದು rrYy, ಸುಕ್ಕು ಹಳದಿ. ಯಾವ ಮನೆಯಲ್ಲೂ ಇಲ್ಲದ ಆ ಒಂದು ಕಾಳನ್ನು ಕೆಳಗಿನ ಅನುಪಾತದ ಗೆರೆಯ ಮೇಲೆ ಮಾತ್ರ ನಾನು ಬರೆದಿದ್ದೆ.