ಆಕಾಶ ಬಣ್ಣದ ಗೌನಿನ ನಂಬರು

ಕಾಪು ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಗಲ್ಫಿಗೆ ಹೊರಟ ಈ ಕಡೆಯ ಅರ್ಧ ಗಂಡಸರು ಬಯೋಡೇಟಾದ ಫೋಟೋದಲ್ಲಿ ನನ್ನ ಕಂಪ್ಯೂಟರಿನ ಒಂದೇ ಕಪ್ಪು ಕೋಟು ತೊಟ್ಟವರು. ಅಪ್ಪ ತೊಟ್ಟ ಕೋಟನ್ನೇ ಹತ್ತು ವರ್ಷ ಕಳೆದು ಮಗನಿಗೂ ತೊಡಿಸಿದ್ದೇನೆ. ಯಾರೂ ದೂರು ಹೇಳಿದ್ದಿಲ್ಲ. ಹಾಗಾಗಿ ಬಟ್ಟೆ ಬದಲಿಸುವ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು ಎನ್ನಬೇಕು. ಆ ಜಂಬವನ್ನು ಇಳಿಸಿದವರು ಉದ್ಯಾವರದ ಒಬ್ಬರು ಕೊಂಕಣಿ ಬಾಯಿ, ಹೊಲಿಗೆ ಅವರ ಕೆಲಸ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು.

ಅವರ ಒಬ್ಬಳೇ ಮಗಳು ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಳು. ಜ್ವರ ಬಂದು ಎಂಟನೆಯ ದಿನ ತೀರಿಕೊಂಡಳು. ಶವದ ಪೆಟ್ಟಿಗೆಯ ಸುತ್ತ ಮನೆಯವರೆಲ್ಲ ನಿಂತು ತೆಗೆಸುವ ಕೊನೆಯ ಫೋಟೋ ತೆಗೆಯಲು ನಾನೇ ಹೋಗಿದ್ದೆ. ಹುಡುಗಿಗೆ ಆಕಾಶ ಬಣ್ಣದ ಉದ್ದನೆಯ ಗೌನು ತೊಡಿಸಿದ್ದರು. ದೊಡ್ಡಮ್ಮನ ಮಗಳ ಮದುವೆಯಲ್ಲಿ ಮದುಮಗಳ ಜೊತೆ ನಿಲ್ಲಲೆಂದು ತಾಯಿ ಹೊಲಿದ ಗೌನು ಅದು. ಬದುಕಿದ್ದಾಗ ಅವಳು ಅದನ್ನು ಒಮ್ಮೆಯೂ ತೊಟ್ಟು ನೋಡಿರಲಿಲ್ಲ, ಹಾಸ್ಟೆಲಿನಿಂದ ಬರಲು ಪುರುಸೊತ್ತಾಗಲಿಲ್ಲವಂತೆ. ನಾನು ಐದು ಫೋಟೋ ತೆಗೆದು ಹೊರಗೆ ಬಂದೆ. ಇಂಥ ಕೆಲಸ ಎಷ್ಟೋ ಮಾಡಿದ್ದೇನೆ, ಆದರೆ ಆ ದಿನ ಮನೆಗೆ ಹೋಗಿ ಊಟ ಸೇರಲಿಲ್ಲ.

ಚರ್ಚಿನಲ್ಲಿ ತಿಂಗಳ ಪೂಜೆ ಮುಗಿದ ಮೇಲೆ ಬಾಯಿ ಸ್ಟುಡಿಯೋಗೆ ಬಂದರು. ಕೈಯಲ್ಲಿ ಮೊಬೈಲು.

"ಅಣ್ಣ, ಅವಳು ಆ ಗೌನಿನಲ್ಲಿ ಮಲಗಿದ್ದನ್ನು ಮಾತ್ರ ನಾನು ನೋಡಿದ್ದು," ಎಂದರು. "ನಿಂತದ್ದನ್ನು ಒಮ್ಮೆ ನೋಡಬೇಕು. ನೀವು ಕೋಟು ಹಾಕ್ತೀರಲ್ಲ, ಹಾಗೆ."

ಮಗಳ ಮೊಬೈಲಿನ ಲಾಕ್ ತೆರೆಯಲು ಯಾರಿಗೂ ಆಗಿರಲಿಲ್ಲ. ಅವಳ ಫೋಟೋಗಳೆಲ್ಲ ಅದರೊಳಗೇ ಉಳಿದಿದ್ದವು. ತಾಯಿಯ ಬಳಿ ಇದ್ದದ್ದು ನಾಲ್ಕೇ. ಅಂಗಳದಲ್ಲಿ ಚೂಡಿದಾರ ಹಾಕಿ ನಿಂತದ್ದೊಂದು, ಮೆಟ್ಟಿಲ ಮೇಲೆ ಕುಳಿತದ್ದೊಂದು, ಮಲ್ಪೆ ಬೀಚಿನದ್ದೊಂದು, ಮತ್ತೆ ತಾಯಿಯ ಹೆಗಲಿಗೆ ಕೈ ಹಾಕಿ ನಿಂತದ್ದು.

ಹಳೆಯ ಕೋಟಿನಂತೆ ಕತ್ತರಿಸಿ ಅಂಟಿಸಿದರೆ ಇದು ಆಗುವಂಥದ್ದಲ್ಲ. ಆಗಷ್ಟೇ ನಾನು ಎಐನಲ್ಲಿ ಚಿತ್ರ ತಿದ್ದುವುದನ್ನು ಕಲಿತಿದ್ದೆ. ಫೋಟೋದಲ್ಲಿ ಬಟ್ಟೆಯ ಭಾಗಕ್ಕೆ ಮಾತ್ರ ಬಣ್ಣ ಬಳಿದು ಗುರುತು ಹಾಕಬೇಕು. ಮುಖ, ಕೂದಲು, ಕೈಗಳನ್ನು ಮುಟ್ಟಬಾರದು. ಎಂಥ ಬಟ್ಟೆ ಬೇಕೆಂದು ಮಾತಿನಲ್ಲಿ ಬರೆಯಬೇಕು, ಮಾದರಿಗೊಂದು ಚಿತ್ರ ಕೊಡಬಹುದು. ಯಂತ್ರ ಗುರುತು ಹಾಕಿದ ಜಾಗದಲ್ಲಿ ಮೊದಲು ಚುಕ್ಕಿಗಳನ್ನು ಎರಚಿ, ಆ ಚುಕ್ಕಿಗಳನ್ನು ಹಂತಹಂತವಾಗಿ ಬಟ್ಟೆಯಾಗಿ ತಿದ್ದುತ್ತದೆ. ಚುಕ್ಕಿ ಹೇಗೆ ಎರಚಬೇಕೆಂಬುದನ್ನು ನಿರ್ಧರಿಸುವುದು ಒಂದು ನಂಬರು, ಅದಕ್ಕೆ ಸೀಡ್ ಎನ್ನುತ್ತಾರೆ. ನಾವು ನಂಬರು ಕೊಡದಿದ್ದರೆ ಪ್ರತಿ ಸಲ ಯಂತ್ರ ತಾನೇ ಹೊಸತೊಂದನ್ನು ಹೆಕ್ಕುತ್ತದೆ, ಪ್ರತಿ ಸಲ ಬೇರೆಯೇ ಬಟ್ಟೆ ಬರುತ್ತದೆ.

ಮಾದರಿಗೆ ನನ್ನ ಬಳಿ ಇದ್ದದ್ದು ಪೆಟ್ಟಿಗೆಯ ಫೋಟೋ ಮಾತ್ರ. ಅದರಿಂದ ಗೌನಿನ ಭಾಗವನ್ನಷ್ಟೇ ಕತ್ತರಿಸಿಕೊಂಡೆ. ಬಾಯಿ ಪಕ್ಕದಲ್ಲೇ ಸ್ಟೂಲು ಎಳೆದು ಕುಳಿತಿದ್ದರು. ಪರದೆಯನ್ನು ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡೆ. ಅವರಿಗೆ ಅರ್ಥವಾಯಿತು.

"ಆ ಫೋಟೋದಿಂದಲೇ ತೆಗೆದದ್ದಾ?"

"ಹೌದು ಬಾಯಿ."

"ಇರಲಿ. ತೋಳಿನ ಪಫ್ ಅದರಲ್ಲಿ ಸರಿಯಾಗಿ ಕಾಣ್ತದೆ."

ದರ್ಜಿಗೆ ಬಟ್ಟೆ ತೋರಿಸುವಂಥ ಕಷ್ಟ ಇನ್ನೊಂದಿಲ್ಲ. ಮೊದಲನೆಯದರಲ್ಲಿ ಕುತ್ತಿಗೆಯ ಲೇಸು ಅಗಲವಾಯಿತು. ಎರಡನೆಯದರಲ್ಲಿ ಸೊಂಟದ ಹೊಲಿಗೆ ಕೆಳಗಿಳಿಯಿತು. ಇನ್ನೊಂದರಲ್ಲಿ ಇಲ್ಲದ ಗುಂಡಿಗಳು ಬಂದವು. "ಇಷ್ಟು ನೆರಿಗೆಗೆ ಇಷ್ಟೇ ಬಟ್ಟೆಯಾ ಮಾರಾಯ್ರೆ, ಎಲ್ಲಿಂದ ಬರ್ತದೆ?" ಎಂದು ಯಂತ್ರವನ್ನೇ ಬೈದರು. ನಾಲ್ವತ್ತು ಸಲವಾದರೂ ಮಾಡಿರಬೇಕು. ನನಗೆ ತಾಳ್ಮೆ ಕಡಿಮೆ. ಒಳಗೊಳಗೇ ಕುದಿಯುತ್ತ ಮತ್ತೊಮ್ಮೆ ಒತ್ತಿದೆ.

ಆ ಸಲ ಅವರು ಪರದೆಯ ಹತ್ತಿರಕ್ಕೆ ಬಾಗಿದರು. ತಿರುಗಿ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಪರದೆಯ ಮೇಲೆ ಹುಡುಗಿ ಅಂಗಳದಲ್ಲಿ ನಿಂತು ನಗುತ್ತಿದ್ದಳು, ಅಮ್ಮ ಹೊಲಿದ ಗೌನು ತೊಟ್ಟುಕೊಂಡು.

ನನ್ನ ಕಣ್ಣೂ ತುಂಬಿತು. ಆ ತುಂಬಿದ ಕಣ್ಣಿನಲ್ಲೇ ನಾನು ತಪ್ಪು ಮಾಡಿದೆ. ಯಂತ್ರ ಕೊಡುವ ಮೂಲ ಫೈಲಿನೊಳಗೆ ಸೀಡ್, ಸೆಟ್ಟಿಂಗ್ ಎಲ್ಲವೂ ಅಡಗಿರುತ್ತವೆ. ನಾನು ಬಣ್ಣ ಸ್ವಲ್ಪ ತಿದ್ದಿ, ಜೆಪೆಗ್ ಫೋಟೋ ಮಾಡಿ ಅವರ ವಾಟ್ಸಾಪಿಗೆ ಕಳಿಸಿದೆ, ಅದರಲ್ಲಿ ಆ ನಂಬರು ಉಳಿಯುವುದಿಲ್ಲ. ಡಿಸ್ಕ್ ತುಂಬಿದೆ ಎಂದು ಉಳಿದ ಪ್ರಯತ್ನಗಳ ಜೊತೆ ಆ ಮೂಲ ಫೈಲನ್ನೂ ಅಳಿಸಿ ಕಂಪ್ಯೂಟರು ಬಂದ್ ಮಾಡಿದೆ. ಒಂದು ಚೀಟಿಯಲ್ಲೂ ಏನನ್ನೂ ಬರೆದಿಡಲಿಲ್ಲ. ಕೋಟಿನ ಕೆಲಸದ ಅಭ್ಯಾಸ ನನ್ನದು. ಕೋಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಮರುವಾರ ಅವರು ಉಳಿದ ಮೂರು ಫೋಟೋ ಮಾಡಿಸಲು ಬಂದರು. ಮುಖದಲ್ಲಿ ಆ ತನಕ ನಾನು ಕಾಣದ ಒಂದು ಹುರುಪು. ಮೆಟ್ಟಿಲಿನ ಫೋಟೋಕ್ಕೆ ಗುರುತು ಹಾಕಿ ಒತ್ತಿದೆ. ಬೇರೆ ಗೌನು ಬಂತು. ಮತ್ತೆ ಒತ್ತಿದೆ, ಮತ್ತೊಂದು ಬಂತು. ಮಧ್ಯಾಹ್ನದವರೆಗೆ ಒತ್ತಿದೆ.

"ಇದು ನಾನು ಹೊಲಿದದ್ದಲ್ಲ," ಎಂದರು ಕೊನೆಗೆ. "ಮೊನ್ನೆಯದು ಹೇಗೆ ಬಂತು ಮತ್ತೆ?"

ಸೀಡ್ ಕಳೆದುಹೋದ ಕತೆ ಹೇಳಬೇಕಾಯಿತು. ಅವರು ನನ್ನನ್ನೇ ನೋಡಿದರು.

"ಎಂತ ಅಣ್ಣ ನೀವು? ಅಳತೆ ಬರೆದಿಡದೆ ಯಾರಾದರೂ ಕತ್ತರಿ ಹಿಡಿಯುತ್ತಾರಾ?"

ತಪ್ಪು ನನ್ನದೇ ಆದ್ದರಿಂದ ಸಿಟ್ಟು ಇನ್ನೂ ಜಾಸ್ತಿ ಬಂತು. "ಒಂದು ಚಂದ ಮಾಡಿ ಕೊಟ್ಟಾಯಿತಲ್ಲ ಬಾಯಿ, ಅಷ್ಟು ಸಾಲದಾ?" ಎಂದುಬಿಟ್ಟೆ. ಅವರು ಎದ್ದು ಹೋದರು. ಆ ಮಾತು ಯಾಕೆ ಬಂತೋ ನನ್ನ ಬಾಯಿಂದ. ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ.

ಮರುದಿನ ಉದ್ಯಾವರಕ್ಕೆ ನಾನೇ ಹೋದೆ. ಹೊಲಿಗೆ ಮಿಷನಿನ ಮುಂದೆ ಸುಮ್ಮನೆ ಕುಳಿತಿದ್ದರು. "ಮೊದಲಿನಿಂದ ಮಾಡುವ. ಅಂಗಳದ ಫೋಟೋವನ್ನೂ ಸೇರಿಸಿ ನಾಲ್ಕನ್ನೂ ಹೊಸತಾಗಿ. ಈ ಸಲ ಒಂದೊಂದನ್ನೂ ಬರೆಯುತ್ತೇನೆ," ಎಂದೆ. ಅವರು ಮಿಷನಿಗೆ ಬಟ್ಟೆ ಹೊದಿಸಿ, "ಬಿಚ್ಚಿ ಹೊಲಿಯುವುದು ನನಗೆ ಹೊಸತಲ್ಲ," ಎಂದರು.

ಸ್ಟುಡಿಯೋಗೆ ಬರುವಾಗ ನೂರು ಪುಟದ ಪುಸ್ತಕ ಅವರೇ ತಂದರು. ನಾಲ್ಕೂ ಫೋಟೋಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಂಡೆ. ಅಳತೆ ಬದಲಾದರೆ ಸೀಡ್ ಒಂದೇ ಇದ್ದರೂ ಚುಕ್ಕಿಗಳು ಬದಲಾಗುತ್ತವೆ. ಕಳೆದ ಸಲದ ಜೆಪೆಗ್ಗನ್ನೂ ಮಾದರಿಯಾಗಿ ಕೊಟ್ಟೆ. ಆಮೇಲೆ ಪ್ರತಿ ಪ್ರಯತ್ನಕ್ಕೂ ನಾನು ಓದಿ ಹೇಳುವುದು, ಅವರು ಬರೆಯುವುದು: ಎಐನ ಯಾವ ಮಾಡೆಲ್, ಬರೆದ ಮಾತು ಯಾವುದು, ಸೀಡ್ ಎಷ್ಟು, ಎಷ್ಟು ಹಂತ, ಹಳೆಯ ಬಟ್ಟೆಯನ್ನು ಎಷ್ಟರ ಮಟ್ಟಿಗೆ ಅಳಿಸಬೇಕು, ಮಾದರಿಗೆ ಎಷ್ಟು ತೂಕ. ಕೊನೆಯಲ್ಲಿ ಅವರ ಷರಾ: "ಲೇಸು ಸರಿ, ತೋಳು ಉದ್ದ." ಅಕ್ಷರ ಮುದ್ದಾಗಿತ್ತು. ನಡುವೆ ಒಮ್ಮೆ, "ಇದೇ ಗೌನಿಗೆ ಅವಳ ಅಳತೆ ಫೋನಿನಲ್ಲೇ ಕೇಳಿ ಬರೆದದ್ದು. ಅಮ್ಮ ನಾನು ತೆಳ್ಳಗಾಗಿದ್ದೇನೆ, ಸೊಂಟ ಅರ್ಧ ಇಂಚು ಕಡಿಮೆ ಮಾಡು ಅಂದಳು," ಎಂದರು. ಬರೆಯುವುದನ್ನು ನಿಲ್ಲಿಸಲಿಲ್ಲ.

ಎರಡನೆಯ ದಿನ ಅಂಗಳದ ಫೋಟೋದಲ್ಲಿ ಗೌನು ಬಂತು. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು. ಅದೇ ಸೀಡ್, ಅದೇ ಸೆಟ್ಟಿಂಗ್ ಹಾಕಿ ಮತ್ತೊಮ್ಮೆ ಒತ್ತಿದೆ. ಒಂದು ನೂಲೂ ಬದಲಾಗದೆ ಅದೇ ಬಂತು. ಬಾಯಿ ನಂಬರಿನ ಸುತ್ತ ಎರಡು ಗೆರೆ ಎಳೆದರು.

ಮೆಟ್ಟಿಲಿನ ಫೋಟೋಕ್ಕೂ ಅವನ್ನೇ ಹಾಕಿದೆ. ಕುಳಿತ ಭಂಗಿಯಾದ್ದರಿಂದ ನೆರಿಗೆ ಬೇರೆ ರೀತಿ ಬಿತ್ತು, ಒಂದು ತೋಳು ಸ್ವಲ್ಪ ಕೆಟ್ಟಿತು. ಗೌನು ಮಾತ್ರ ಅದೇ ಎಂದು ಗೊತ್ತಾಗುತ್ತಿತ್ತು. ಸೀಡ್ ಒಂದೇ ಆದ ಮಾತ್ರಕ್ಕೆ ಬೇರೆ ಫೋಟೋದಲ್ಲಿ ಅಚ್ಚು ಒತ್ತಿದಂತೆ ಬರುವುದಿಲ್ಲ, ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ ಎಂದು ವಿವರಿಸಲು ಹೊರಟೆ.

"ಗೊತ್ತಾಯಿತು. ಕಟಿಂಗ್ ಒಂದೇ, ಮೈ ಕುಳಿತದ್ದು ಬೇರೆ," ಎಂದರು.

ತೋಳಿಗೆ ಮಾತ್ರ ಗುರುತು ಹಾಕಿ ಸರಿ ಮಾಡಿದೆ. ಬೀಚಿನದ್ದೂ ಆಯಿತು. ಕೊನೆಗೆ ತಾಯಿ ಮಗಳು ಒಟ್ಟಿಗಿದ್ದ ಫೋಟೋ. ಅದು ಬಂದಾಗ ಅವರು ಅತ್ತರು. ನಾನು ಎದ್ದು ಹೋಗಿ ಚಹಾ ತಂದೆ. ಬರುವಷ್ಟರಲ್ಲಿ ಅವರು ಪುಸ್ತಕದ ಆ ಪುಟವನ್ನು ಇನ್ನೊಂದು ಹಾಳೆಗೆ ನಕಲು ಮಾಡಿಕೊಳ್ಳುತ್ತಿದ್ದರು.

"ಅವಳ ಬೇರೆ ಫೋಟೋ ತಂದರೆ ಹೀಗೇ ಬರ್ತದಲ್ವಾ?"

"ಖಂಡಿತ ಬರ್ತದೆ ಬಾಯಿ. ಎಷ್ಟು ಬೇಕಾದರೂ ತನ್ನಿ," ಎಂದೆ ನಾನು, ದೊಡ್ಡ ಉಪಕಾರಿಯ ಹಾಗೆ.

ಅವರು ಹುಡುಕಲು ಹೊರಟರು. ಮಣಿಪಾಲದ ಹಾಸ್ಟೆಲಿಗೆ ಹೋದರಂತೆ. ಮಗಳು ಹೈಸ್ಕೂಲು ಓದಿದ್ದು ಕಾರ್ಕಳದಲ್ಲಿ, ಅಜ್ಜಿಯ ಮನೆಯಿಂದ. ಅಲ್ಲಿಯ ಗೆಳತಿಯರನ್ನೆಲ್ಲ ಕೇಳಿದರಂತೆ. ಸಿಕ್ಕಿದ್ದೆಲ್ಲ ಆಸ್ಪತ್ರೆಯ ಗುಂಪು ಫೋಟೋಗಳು, ಅವುಗಳಲ್ಲಿ ಮಾಸ್ಕು, ಟೋಪಿ. ಒಂದರಲ್ಲಿ ಅರ್ಧ ಕಿವಿ ಕಾಣುತ್ತಿತ್ತು. ಫೋಟೋ ತೆಗೆಯುವ ಕೆಲಸ ಯಾವಾಗಲೂ ಅವಳದ್ದೇ ಆಗಿತ್ತಂತೆ.

ಮೂರು ತಿಂಗಳು ಕಳೆದು ಒಂದು ಬೆಳಿಗ್ಗೆ ಬಂದರು. ನಾನು ಆಗಷ್ಟೇ ಬಾಗಿಲು ತೆರೆದಿದ್ದೆ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಹಾಸ್ಟೆಲಿನ ಕಿಟಕಿಯ ಬಳಿ ಒಬ್ಬ ಹುಡುಗಿ ಹೊರಗೆ ನೋಡುತ್ತ ನಿಂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಉದ್ದ ಜಡೆ.

ನಾನು ದೊಡ್ಡದು ಮಾಡಿ ನೋಡಿದೆ. ಹತ್ತಾರು ಗಂಟೆ ಆ ಮಗುವಿನ ನಾಲ್ಕು ಫೋಟೋಗಳ ಅಂಚಂಚನ್ನೂ ನೋಡಿದವನು ನಾನು. ಮೊಬೈಲನ್ನು ಅವರ ಕೈಗೆ ಹಿಂದಿರುಗಿಸಿದೆ.

"ಅವಳಲ್ಲ ಅಂತ ನನಗೆ ಗೊತ್ತುಂಟು," ಎಂದರು ಅವರೇ. "ಅವಳ ರೂಮಿನವಳು. ಅವಳ ಹತ್ತಿರ ಕೇಳಿಯೇ ತಂದದ್ದು. ಇಬ್ಬರದ್ದೂ ಅಳತೆ ಒಂದೇ ಅಣ್ಣ, ಭುಜ ಸಮೇತ. ಮುಖ ಕಾಣುವುದಿಲ್ಲವಲ್ಲ. ಗೌನು ಬರ್ತದಲ್ವಾ?"

ಬರುತ್ತಿತ್ತು. ಅದೇ ನನ್ನ ಸಂಕಟ. ಹತ್ತು ನಿಮಿಷದ ಕೆಲಸ.

"ಗೌನು ಬರ್ತದೆ ಬಾಯಿ," ಎಂದೆ. "ಅವಳು ಬರುವುದಿಲ್ಲ."

ಅವರು ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡರು. ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

"ಎಲ್ಲ ಕಡೆ ಕೇಳಿ ಆಯಿತು ಅಣ್ಣ," ಎಂದರು. "ಇನ್ನು ಕೇಳಲಿಕ್ಕೆ ಯಾರೂ ಇಲ್ಲ."

ನಾನು ಪುಸ್ತಕ ತೆಗೆದೆ, ಯಾಕೆಂದು ನನಗೂ ಗೊತ್ತಿಲ್ಲ. ಮಾಡೆಲ್, ಮಾತು, ಸೀಡ್, ಹಂತ, ತೂಕ, ಎಲ್ಲವೂ ಅವರ ಮುದ್ದಾದ ಅಕ್ಷರದಲ್ಲಿ ಸರಿಯಾಗಿ ಬರೆದಿತ್ತು. ಈ ಸಲ ನಾವು ಒಂದನ್ನೂ ಕಳೆದುಕೊಂಡಿರಲಿಲ್ಲ. ಹಾಕಲು ಅವಳ ಫೋಟೋ ಇರಲಿಲ್ಲ.